ಬಾಗಿಲವರೆಗಿನ ಹನ್ನೆರಡು ಹೆಜ್ಜೆ

ಕಲಬುರಗಿಯಲ್ಲಿ ನಾನು ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುತ್ತೇನೆ. ಬೇಸಿಗೆಯಲ್ಲಿ ಬಿಸಿಲು ಏರುವ ಮೊದಲೇ ನಾಲ್ಕು ಮನೆ ಮುಗಿಯಬೇಕಾಗಿರುವುದರಿಂದ, ಒಂದು ಮನೆಯಲ್ಲಿ ಹದಿನೈದು ನಿಮಿಷ ತಡವಾದರೆ ಕೊನೆಯ ಮನೆಯ ರೋಗಿ ನಡು ಮಧ್ಯಾಹ್ನದ ಕಾವಿನಲ್ಲಿ ವ್ಯಾಯಾಮ ಮಾಡಬೇಕಾಗುತ್ತದೆ. ಹಾಗಾಗಿ ಮಾತಿನ ನಡುವೆ ಎದ್ದು ಬರುವುದು ನನ್ನ ಕೆಲಸದ ಒಂದು ಭಾಗವೇ ಆಗಿದೆ, ಮತ್ತು ಅದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ.

ಪಾರ್ಶ್ವವಾಯುವಿನಿಂದ ಎಡಗಾಲು ದುರ್ಬಲವಾಗಿದ್ದ ಒಬ್ಬ ಹಿರಿಯರು ನನ್ನ ರೋಗಿಯಾಗಿದ್ದರು. ಆಯುಷ್ಯವನ್ನೆಲ್ಲ ಶಹಾಬಾದಿನ ಫರಸಿ ಕಲ್ಲಿನ ವ್ಯಾಪಾರದಲ್ಲಿ ಕಳೆದ ಅವರನ್ನು ನಾನು ಕಾಕಾ ಎಂದೇ ಕರೆಯುತ್ತಿದ್ದೆ. ನಲವತ್ತೈದು ನಿಮಿಷದ ವ್ಯಾಯಾಮ ಮುಗಿದು ನಾನು ಚೀಲಕ್ಕೆ ಕೈ ಹಾಕುವ ಹೊತ್ತಿಗೆ ಅವರು, "ಕೂಡ್ರಿ, ಚಹಾ ಬರ್ಲಾಕತ್ತದ" ಎಂದು ಹೊಸ ಕತೆಯೊಂದನ್ನು ತೆಗೆಯುತ್ತಿದ್ದರು. ಒಂದು ದಿನ ನಾನು ಫೋನ್ ಬಂದವನಂತೆ ಅದನ್ನು ಕಿವಿಗಿಟ್ಟುಕೊಂಡು ಎದ್ದುಬಿಟ್ಟೆ. ಪರದೆ ಕತ್ತಲಾಗಿದ್ದುದನ್ನು ಕಾಕಾ ನೋಡಿದ್ದರು. ಮರುದಿನ ಅವರು ವ್ಯಾಯಾಮವನ್ನೇನೋ ಮಾಡಿದರು, ಆದರೆ ಒಂದು ಮಾತನ್ನೂ ಆಡಲಿಲ್ಲ. ರಾತ್ರಿ ಬಚ್ಚಲಲ್ಲಿ ಕಾಲು ಜಾರಿದ್ದನ್ನು ಸಹ ಹೇಳಲಿಲ್ಲ; ಅದು ನನಗೆ ಗೊತ್ತಾದದ್ದು ಅವರ ಹೆಂಡತಿಯಿಂದ, ನಾನು ಚಪ್ಪಲಿ ಮೆಟ್ಟುವಾಗ.

ಸಂಭಾಷಣೆಗಳ ಧ್ವನಿಮುದ್ರಿಕೆಗಳನ್ನು ಅಭ್ಯಾಸ ಮಾಡಿದ ಶೆಗ್ಲಾಫ್ ಮತ್ತು ಸ್ಯಾಕ್ಸ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿಯೇ ಇದನ್ನು ವಿವರಿಸಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ. ಮಾತನ್ನು ಒಬ್ಬರೇ ಮುಗಿಸಲಾಗುವುದಿಲ್ಲ, ಇಬ್ಬರೂ ಸೇರಿ ಮುಗಿಸಬೇಕು. ವಿದಾಯಕ್ಕೆ ಮೊದಲು "ಆಯ್ತು" ಎಂಬಂಥ ಒಂದು ಮಾತು ಬಂದು, ಇನ್ನೂ ಹೇಳದೆ ಉಳಿದದ್ದನ್ನು ಹೇಳಲು ಎದುರಿನವರಿಗೆ ಜಾಗ ಬಿಡುತ್ತದೆ. ನಾನು ಆ ಜಾಗವನ್ನೇ ಬಿಡದೆ ಎದ್ದಿದ್ದೆ. ನಮ್ಮ ಕಡೆ "ಹಂಗಾದ್ರ ಬರ್ತೀನ್ರಿ" ಎನ್ನುವುದು ಈ ಕೆಲಸ ಮಾಡುತ್ತದೆ, ಆದರೆ ಎದ್ದು ನಿಂತು ಹೇಳಿದರೆ ತಡವಾಗಿರುತ್ತದೆ. ಆಗ ಬಾಗಿಲಲ್ಲಿ ಎರಡನೆಯ ಸಂಭಾಷಣೆ ಶುರುವಾಗುತ್ತದೆ, ಮತ್ತು ಮುಖ್ಯವಾದ ವಿಷಯ ಬಹಳ ಸಲ ಅಲ್ಲಿಯೇ ಹೊರಬರುತ್ತದೆ.

ಅಂದಿನಿಂದ ನಾನು ಆ ಜಾಗವನ್ನು ಹತ್ತು ನಿಮಿಷ ಮುಂಚೆಯೇ, ಕುಳಿತಿರುವಾಗಲೇ ಬಿಡತೊಡಗಿದೆ. "ಕಾಕಾ, ಇನ್ನ ಹತ್ತು ನಿಮಿಷ ಅದರಿ. ನಿನ್ನೆಯಿಂದ ಹೇಳಬೇಕಂತ ಇಟ್ಕೊಂಡಿದ್ದು ಈಗ ಹೇಳ್ರಿ." ಇಲ್ಲಿ ಮಾತಿನ ರೂಪವೂ ಮುಖ್ಯ. "ಇನ್ನೇನರ ಅದ ಏನ್ರಿ?" ಎಂದು ಕೇಳಿದರೆ "ಏನಿಲ್ರಿ" ಎಂಬ ಉತ್ತರ ಬರುತ್ತದೆ, ಹೇಳಬೇಕಾದದ್ದು ಒಳಗೇ ಉಳಿಯುತ್ತದೆ. ಚಹಾವನ್ನೂ ಮೊದಲೇ, ವ್ಯಾಯಾಮದ ನಡುವಿನ ವಿಶ್ರಾಂತಿಯಲ್ಲಿ ಅರ್ಧ ಕಪ್ ಕೇಳಿ ಕುಡಿಯುತ್ತೇನೆ. ಹೊರಡುವಾಗ ಬಂದ ಚಹಾವನ್ನು ಬೇಡವೆನ್ನುವುದು ಮನೆಯನ್ನೇ ಬೇಡವೆಂದಂತೆ.

ಕತೆ ನಡೆದಿರುವಾಗ ನಾನು ಏಳುವುದಿಲ್ಲ. ಅದು ಒಂದು ನಿಲುಗಡೆಗೆ ಬಂದಾಗ, ಅವರದೇ ಮಾತಿನ ಒಂದು ತುಣುಕನ್ನು ಹಿಡಿದು, "ಆ ಖಣಿ ನೀರು ತುಂಬಿದ ಮ್ಯಾಲೆ ಏನಾಯ್ತು ಅನ್ನೋದು ನಾಳಿ ಹೇಳ್ರಿ, ಏಳೂವರಿಗಿ ಬರ್ತೀನಿ" ಎನ್ನುತ್ತೇನೆ. ಹಾಗೆ ಹೇಳಿದ ಮೇಲೆ ಮರುದಿನ ಅದನ್ನು ಮರೆಯದೆ ನಾನೇ ಕೇಳಬೇಕು. ಮರೆತರೆ, ಮೂರನೆಯ ದಿನ ಈ ಮಾತನ್ನು ಯಾರೂ ನಂಬುವುದಿಲ್ಲ.

ಕೊನೆಯ ವ್ಯಾಯಾಮವನ್ನು ಕುರ್ಚಿಯಿಂದ ಬಾಗಿಲವರೆಗಿನ ಹನ್ನೆರಡು ಹೆಜ್ಜೆಯ ನಡಿಗೆಯಾಗಿ ಇಟ್ಟೆ. ಕಾಕಾ ಮಾತಾಡುತ್ತ ನಡೆಯಲು ಹೋದರೆ ತಟ್ಟನೆ ನಿಂತುಬಿಡುತ್ತಿದ್ದರು; ಹೀಗೆ ನಿಲ್ಲುವವರು ಬೀಳುವ ಸಂಭವ ಹೆಚ್ಚು. ಆದ್ದರಿಂದ ನಡಿಗೆಯಲ್ಲಿ ಮಾತು ಬೇಡ, ಹೆಜ್ಜೆ ಎಣಿಸಿರಿ ಎಂದು ಹೇಳಿದೆ. ಅವರ ಎಡಗಡೆ ನಾನು, ಹಿಂದೆ ಅವರ ಹೆಂಡತಿ. ಹೊಸ್ತಿಲ ಬಳಿ ಅವರು ಕೈಯೆತ್ತಿ "ಬರ್ರಿ ಹಂಗಾದ್ರ" ಎನ್ನುತ್ತಿದ್ದರು. ಬಂದವರನ್ನು ತಾವೇ ಬಾಗಿಲತನಕ ಕಳಿಸಿದ ಮನೆಯ ಯಜಮಾನರ ಮುಖ ಅವರದಾಗಿರುತ್ತಿತ್ತು, ಮತ್ತು ಕಾಲು ದಣಿಯುವ ಮೊದಲು ಅವರು ಮರಳಿ ಕುರ್ಚಿಗೆ ಹೋಗಬೇಕಿದ್ದುದರಿಂದ ಬಾಗಿಲಲ್ಲಿ ಮಾತು ಬೆಳೆಯುತ್ತಿರಲಿಲ್ಲ.

ಇದು ಎಲ್ಲ ದಿನವೂ ಸಲ್ಲುವುದಿಲ್ಲ. ಒಂದು ಬೆಳಿಗ್ಗೆ, ಹತ್ತು ನಿಮಿಷವಿದೆ ಎಂದು ನಾನು ಹೇಳಿದ ಕೂಡಲೇ, ಒಡಹುಟ್ಟಿದ ತಮ್ಮ ತೀರಿಕೊಂಡ ಸುದ್ದಿಯನ್ನು ಕಾಕಾ ಹೇಳಿದರು. ಆಗ ನಾನು ಅವರ ಎದುರಿಗೇ ಮುಂದಿನ ಮನೆಗೆ ಫೋನ್ ಮಾಡಿ, ಅರ್ಧ ತಾಸು ತಡವಾಗಿ ಬರುತ್ತೇನೆಂದು ತಿಳಿಸಿ, ಚೀಲವನ್ನು ಮತ್ತೆ ಕೆಳಗಿಟ್ಟೆ.