ಹದಿನೈದು ಲೀಟರ್ ಡಬ್ಬ, ಹದಿನೈದು ಕೆಜಿ ಡಬ್ಬ: ನನ್ನ ಮೆಸ್ಸಿನ ಎಣ್ಣೆ ಲೆಕ್ಕ

ವಿಜಯನಗರದಲ್ಲಿ ನಮ್ಮದೊಂದು ಮೆಸ್ ಇದೆ. ಕೋಚಿಂಗಿಗೆ ಬಂದ ಹುಡುಗರೇ ಜಾಸ್ತಿ. ತಿಂಗಳಿಗೆ ಹೆಚ್ಚುಕಡಿಮೆ ನೂರಿಪ್ಪತ್ತು ಕೆಜಿ ಸೂರ್ಯಕಾಂತಿ ಎಣ್ಣೆ ಖರ್ಚಾಗುತ್ತದೆ. ಖರೀದಿ ನೋಡಿಕೊಳ್ಳುವುದು ನಮ್ಮ ಭಾವ. ವಾಟ್ಸಾಪಿನಲ್ಲಿ ಬಂದ ರೇಟುಗಳನ್ನೆಲ್ಲ ಒಂದು ಶೀಟಿಗೆ ಹಾಕಿ, ಕಡಿಮೆ ಇದ್ದದ್ದಕ್ಕೆ ಹಸಿರು ಬಣ್ಣ ಬಳಿದು ಇಡುತ್ತಾರೆ. ಆ ಹಸಿರು ಸಾಲು ಸರಿಯಿಲ್ಲ ಅಂದಾಗ ಅವರು ಹೇಳಿದ್ದು ಇಷ್ಟೇ: "ಏನಯ್ಯ, ಎರಡು ಸಾವಿರದ ಎಂಬತ್ತು ಕಡಿಮೆಯೋ, ಎರಡು ಸಾವಿರದ ಇನ್ನೂರ ಮೂವತ್ತೈದು ಕಡಿಮೆಯೋ? ಇದಕ್ಕೂ ಲೆಕ್ಕ ಬೇಕಾ?"

ಬೇಕು. ಮೊದಲನೆಯದು 15 ಲೀಟರ್ ಡಬ್ಬ, ಎರಡನೆಯದು 15 ಕೆಜಿ ಡಬ್ಬ. ನೋಡೋಕೆ ಎರಡೂ ಒಂದೇ ಥರ, ಶೀಟಿನಲ್ಲೂ ಎರಡಕ್ಕೂ '15' ಅಂತಲೇ ಬಿದ್ದಿತ್ತು. ಎಣ್ಣೆ ನೀರಿಗಿಂತ ಹಗುರ, ಲೀಟರಿಗೆ ಸುಮಾರು 910 ಗ್ರಾಂ ತೂಗುತ್ತದೆ. ಹಾಗಾಗಿ 15 ಲೀಟರ್ ಅಂದರೆ 13.65 ಕೆಜಿ. ಡಬ್ಬದ ಮೇಲೆ ಇಷ್ಟು ಲೀಟರ್, ಇಷ್ಟು ಕೆಜಿ ಅಂತ ಎರಡೂ ಇರುತ್ತೆ, ಅಕ್ಷರ ಮಾತ್ರ ಸಣ್ಣದು. 2,080ನ್ನು 13.65ರಿಂದ ಭಾಗಿಸಿದರೆ ಕೆಜಿಗೆ 152 ರೂಪಾಯಿ ಮೇಲೆ ಚಿಲ್ಲರೆ. 2,235ನ್ನು 15ರಿಂದ ಭಾಗಿಸಿದರೆ 149. ಭಾವನ ಹಸಿರು ಸಾಲೇ ದುಬಾರಿ.

ಇಂಥ ಶೀಟು ಕೈಗೆ ಬಂದರೆ ನಾನು ಮೊದಲು ನೋಡುವುದು ಸಾಲುಗಳ ನಡುವಿನ ಅಂತರ. ಒಂದೇ ಎಣ್ಣೆಗೆ ಬೇರೆ ಬೇರೆ ಅಂಗಡಿಯವರು ಕೊಡುವ ಕೆಜಿ ರೇಟು ನಾಲ್ಕೈದು ರೂಪಾಯಿಯೊಳಗೆ ಓಡಾಡುತ್ತದೆ. ಯಾವುದೋ ಒಂದು ಸಾಲು ಮಾತ್ರ ಒಂಬತ್ತು ಪರ್ಸೆಂಟಿನ ಹತ್ತಿರ ಅಗ್ಗ ಕಂಡರೆ, ಅಲ್ಲಿ ಲೀಟರನ್ನೇ ಕೆಜಿ ಅಂತ ಹಾಕಿರುತ್ತಾರೆ. ಆ ಲೀಟರ್ ಡಬ್ಬವನ್ನು 15ರಿಂದ ಭಾಗಿಸಿದಾಗ 138 ಚಿಲ್ಲರೆ ಬರುತ್ತಿತ್ತು, ಉಳಿದವೆಲ್ಲ ನೂರೈವತ್ತರ ಆಸುಪಾಸು. ಯಾವ ವ್ಯಾಪಾರಿಯೂ ಕೆಜಿಗೆ ಹನ್ನೆರಡು ರೂಪಾಯಿ ಸುಮ್ಮನೆ ಬಿಡಲ್ಲ. ರೇಟು ಸಾವಿರ ಪಟ್ಟು ಏರುಪೇರಾಗಿದ್ದರೆ ಅದು ಗ್ರಾಂ-ಕೆಜಿ ಗೊಂದಲ, ಕಣ್ಣಿಗೆ ಹೊಡೆಯುತ್ತೆ. ಒಂಬತ್ತು ಪರ್ಸೆಂಟು ಹಾಗೆ ಹೊಡೆಯಲ್ಲ, 'ಒಳ್ಳೆ ಆಫರ್' ಅನ್ನೋ ವೇಷದಲ್ಲಿ ಬರುತ್ತೆ.

ಪ್ಯಾಕೆಟ್ಟುಗಳದ್ದು ಇನ್ನೊಂದು ಕಥೆ. ಭಾವ ಡಬ್ಬ ಬಿಟ್ಟು ಎಷ್ಟೋ ತಿಂಗಳು ಪ್ಯಾಕೆಟ್ಟನ್ನೇ ತರಿಸುತ್ತಿದ್ದರು, ಮನೆ ಬಾಗಿಲಿಗೆ ಬರುತ್ತೆ ಅಂತ. ಒಂದು 132 ರೂಪಾಯಿ, ಇನ್ನೊಂದು 139. ಅಗ್ಗದ್ದರಲ್ಲಿ ಇದ್ದದ್ದು 850 ಗ್ರಾಂ, ಇನ್ನೊಂದು ನಿಜವಾದ ಒಂದು ಲೀಟರ್, ಅಂದರೆ 910 ಗ್ರಾಂ. ಕೆಜಿಗೆ ಇಳಿಸಿದರೆ ಮೊದಲನೆಯದು 155 ದಾಟುತ್ತೆ, ಎರಡನೆಯದು 153ರೊಳಗೇ ನಿಲ್ಲುತ್ತೆ. ಏಳು ರೂಪಾಯಿ ಉಳಿಯಿತು ಅಂದುಕೊಂಡು ಕೆಜಿಗೆ ಎರಡೂವರೆ ರೂಪಾಯಿ ಜಾಸ್ತಿ ಕೊಡುತ್ತಿದ್ದೆವು.

"ಪ್ಯಾಕೆಟ್ ಮೇಲೇ ಗ್ರಾಮಿಗೆ ಇಷ್ಟು ಅಂತ ಪ್ರಿಂಟ್ ಇರುತ್ತಲ್ಲ, ಅದನ್ನೇ ಹಾಕಿದರಾಯ್ತು" ಅಂತ ಭಾವನ ವಾದ. ಹಾಗೂ ಮಾಡಿ ನೋಡಿದೆವು, ಕೆಲಸಕ್ಕೆ ಬರಲಿಲ್ಲ. ಆ ಲೆಕ್ಕ ಎಂಆರ್‌ಪಿ ಮೇಲಿನದು, ನಾವು ಕೊಡುವ ಹೋಲ್‌ಸೇಲ್ ರೇಟಿನದಲ್ಲ. ಎಂಆರ್‌ಪಿ ಹೆಚ್ಚು ಹಾಕಿ ಡಿಸ್ಕೌಂಟ್ ಹೆಚ್ಚು ಬಿಡುವ ಬ್ರಾಂಡು ಅದರಲ್ಲಿ ಸುಮ್ಮನೆ ದುಬಾರಿ ಕಾಣುತ್ತೆ. ಕೆಜಿಗಿಂತ ಕಡಿಮೆ ತೂಕದ ಪ್ಯಾಕಿಗೆ ಗ್ರಾಂ ಲೆಕ್ಕದಲ್ಲಿ ಎರಡೇ ದಶಮಾಂಶ ಹಾಕುವುದು ಇನ್ನೂ ದೊಡ್ಡ ತೊಂದರೆ. ಗ್ರಾಮಿಗೆ 0.19 ರೂಪಾಯಿ ಅಂದರೆ ಕೆಜಿಗೆ 185ರಿಂದ 195ರವರೆಗೆ ಎಷ್ಟು ಬೇಕಾದರೂ ಇರಬಹುದು. ನಾನು ಹುಡುಕುತ್ತಿದ್ದ ಎರಡು-ಮೂರು ರೂಪಾಯಿ ಆ ಪ್ರಿಂಟಿನೊಳಗೇ ಮುಳುಗಿಹೋಗುತ್ತೆ.

ಹಾಗಾಗಿ ಶೀಟನ್ನು ನಾನೇ ಕಟ್ಟಿದೆ. B ಕಾಲಮ್ಮಿನಲ್ಲಿ ನೆಟ್ ತೂಕ, ಬರೀ ಕೆಜಿಯಲ್ಲಿ, ಬರೀ ಅಂಕಿ. '13.65 ಕೆಜಿ' ಅಂತ ಟೈಪ್ ಮಾಡಿದರೆ ಶೀಟು ಅದನ್ನು ಅಕ್ಷರ ಅಂದುಕೊಂಡು #VALUE! ಅನ್ನುತ್ತೆ. C ಬಿಲ್ಲಿನ ಮೊತ್ತ, ಟ್ಯಾಕ್ಸ್ ಸೇರಿಸಿ. D ಒಂದು ಡಬ್ಬಕ್ಕೆ ಬೀಳುವ ಆಟೋ ಬಾಡಿಗೆ. E ಖಾಲಿ ಡಬ್ಬಕ್ಕೆ ಗುಜರಿಯವನು ಕೊಡುವುದು.

```
=(C2+D2-E2)/B2
```

ಈ D ಮತ್ತು E ಇಲ್ಲದೆ ಮೊದಲ ಸಲ ಭಾವನ ಮುಂದೆ ಇಟ್ಟಾಗ ಅವರೇ ಹಿಡಿದರು, ಅದು ಅವರಿಗೆ ಸಲ್ಲಬೇಕಾದದ್ದು. ಕೆಜಿ ಡಬ್ಬ ಸಿಗುವುದು ಯಶವಂತಪುರ ಯಾರ್ಡಿನ ಕಡೆ, ನಾವೇ ತರಬೇಕು. ಲೀಟರ್ ಡಬ್ಬದವನು ಮೆಸ್ಸಿಗೇ ತಂದು ಇಳಿಸುತ್ತಾನೆ. ಐದು ಡಬ್ಬಕ್ಕೆ ಅಂತ ಒಂದು ಲಗೇಜ್ ಆಟೋ ಮಾಡಿದರೆ ಇನ್ನೂರೈವತ್ತು ರೂಪಾಯಿ, ಡಬ್ಬಕ್ಕೆ ಐವತ್ತು. ಖಾಲಿ ಡಬ್ಬದ ಇಪ್ಪತ್ತು ರೂಪಾಯಿ ಎರಡೂ ಕಡೆ ಕಳೆದು ನೋಡಿದರೆ ಎರಡೂ 151ರ ಹತ್ತಿರ ಬಂದು ನಿಂತವು. ಇಷ್ಟೆಲ್ಲ ಹಾರಾಡಿ ಲಾಭ ಸೊನ್ನೆ! ಅದಕ್ಕೇ ಎಣ್ಣೆಯನ್ನು ಅಕ್ಕಿ ಬರುವ ಗಾಡಿಯಲ್ಲೇ ಹೇರಿಸತೊಡಗಿದೆ. ಈಗ ಡಬ್ಬಕ್ಕೆ ಹದಿನೈದು ರೂಪಾಯಿ ಬೀಳುತ್ತೆ, ಕೆಜಿಗೆ 148 ಮುಕ್ಕಾಲಿನೊಳಗೆ ಕೈಗೆ ಬರುತ್ತೆ. ಹಳೇ 850 ಗ್ರಾಂ ಪ್ಯಾಕೆಟ್ಟಿಗೆ ಹೋಲಿಸಿದರೆ ತಿಂಗಳಿಗೆ ಎಂಟುನೂರರ ಹತ್ತಿರ ಉಳಿತಾಯ. ದೊಡ್ಡ ದುಡ್ಡೇನಲ್ಲ, ಆದರೆ ಅಡುಗೆಯಲ್ಲಿ ಏನೂ ಬದಲಾಯಿಸದೆ ಉಳಿದದ್ದು. ಗುಜರಿಯವನಿಂದ ಇಪ್ಪತ್ತರ ಬದಲು ಹೆಚ್ಚು ತೆಗೆಯೋ ಉಪಾಯವೂ ಒಂದಿದೆ. ಅದು ನನ್ನ ಹತ್ತಿರವೇ ಇರಲಿ, ನಮ್ಮ ಏರಿಯಾದಲ್ಲೇ ಇನ್ನೂ ನಾಲ್ಕು ಮೆಸ್ ಇವೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಡಬ್ಬದಲ್ಲಿ ಬರೆದಷ್ಟು ಎಣ್ಣೆ ಇರುತ್ತಾ ಅಂತ ತುಂಬಿದ್ದನ್ನು ತೂಗಿ, ಬಗ್ಗಿಸಿ ಖಾಲಿ ಮಾಡಿ ಮತ್ತೆ ತೂಗಿದೆ. ಖಾಲಿ ಡಬ್ಬ ಒಂದು ಕೆಜಿ ಆಸುಪಾಸು ಬಂತು, ಎಣ್ಣೆ ಸರಿಯಾಗೇ ಇತ್ತು. ಪ್ಯಾಕೆಟ್ಟುಗಳನ್ನು ಕತ್ತರಿಸಿ ರಾತ್ರಿಯಿಡೀ ಪಾತ್ರೆ ಮೇಲೆ ಕವುಚಿಟ್ಟೆ. ಒಂದೊಂದರಿಂದ ನಾಲ್ಕೈದು ಗ್ರಾಂ ಇಳಿಯಿತು. ಭಟ್ರು ಬೆಳಿಗ್ಗೆ ಬಂದು ನೋಡಿ, "ಇದನ್ನೆಲ್ಲ ಯಾರು ತೊಳೀತಾರೆ ಸ್ವಾಮಿ?" ಅಂದರು. ಅಲ್ಲಿಗೆ ಆ ಪ್ರಯೋಗ ಮುಗಿಯಿತು.

ಅಕ್ಕಿಯಲ್ಲೂ ಇದೇ ಬಲೆ ಇದೆ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕಿಗೆ ಐದು ಪರ್ಸೆಂಟ್ ಜಿಎಸ್‌ಟಿ ಬಂದ ಮೇಲೆ 26 ಕೆಜಿ ಮೂಟೆಗಳು ಶುರುವಾದವು. ಶೀಟಿನಲ್ಲಿ ಎಲ್ಲವೂ 'ಮೂಟೆ' ಅಂತಲೇ ಇರುತ್ತೆ. 1,400ರದ್ದು 25 ಕೆಜಿ, 1,435ರದ್ದು 26 ಕೆಜಿ ಆಗಿದ್ದರೆ ಎರಡನೆಯದೇ ಕೆಜಿಗೆ ಎಂಬತ್ತು ಪೈಸೆ ಅಗ್ಗ. ಮೂಟೆಯ ಹೊಲಿಗೆ ಹತ್ತಿರ ತೂಕ ಓದಿಯೇ B ಕಾಲಮ್ ತುಂಬಬೇಕು, ಫೋನಿನಲ್ಲಿ ಹೇಳಿದ್ದನ್ನು ನಂಬಿ ಅಲ್ಲ.

ಸರಕು ಒಂದೇ ಆಗಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತೆ. ಪಾಮೋಲಿನ್ ಸಾಲನ್ನು ಸೂರ್ಯಕಾಂತಿ ಪಕ್ಕ ಇಟ್ಟರೆ ಕೆಜಿ ರೇಟಿಗೆ ಅರ್ಥವಿಲ್ಲ. ಇಂಗಿನಲ್ಲಂತೂ ಕೈಬಿಟ್ಟೆ. ಡಬ್ಬಿಯಲ್ಲಿರುವುದು ಹಿಟ್ಟು-ಅಂಟು ಬೆರೆಸಿದ ಇಂಗು, ಬ್ರಾಂಡಿಗೊಂದು ಕಡುಪು, ಅಗ್ಗದ್ದನ್ನು ಭಟ್ರು ಎರಡು ಪಟ್ಟು ಹಾಕುತ್ತಾರೆ. ಅದಕ್ಕೆ ಗ್ರಾಮಿನ ಬದಲು 'ಒಂದು ಹಂಡೆ ಸಾರಿಗೆ ಎಷ್ಟು ರೂಪಾಯಿ ಇಂಗು' ಅಂತ ಬೇರೆ ಶೀಟು ಶುರು ಮಾಡಿದ್ದೇನೆ. ಅದರಲ್ಲಿ ಸದ್ಯಕ್ಕೆ ಮೂರೇ ಸಾಲು ತುಂಬಿವೆ, ಮೂರಕ್ಕೂ ಭಾವನ ತಕರಾರಿದೆ.