ವಿಜೆಟ್ ಮೇಲೆ ಶನಿವಾರದ ಮೇಲ್

"ಬೋರ್ಡ್ ಹೋಗೈತ್ರಿ, ಹೊಸಾ ಫೋನ್ ತಗೊಂಬಿಡ್ರಿ." ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಗೆ ಮೂರು ಅಂಗಡಿಯವರು ಇದನ್ನೇ ಹೇಳಿ ಕಳಿಸಿದ್ದರು. ನಾಲ್ಕನೆಯದು ನನ್ನ ಅಂಗಡಿ. ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆ ಪಕ್ಕದ ಗಲ್ಲಿಯಲ್ಲಿ ಹನ್ನೆರಡು ವರ್ಷದಿಂದ ಫೋನ್ ಬಿಚ್ಚುತ್ತಾ ಕೂತಿದ್ದೇನೆ. ಈ ಕೇಸಿನಲ್ಲಿ ಮಾತ್ರ ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ.

ಸಾವಕಾರರ ಅಭ್ಯಾಸ ಏನೆಂದರೆ, ಅವರು ಜಿಮೇಲ್ ತೆರೆಯುವುದೇ ಇಲ್ಲ. ಹೋಮ್ ಸ್ಕ್ರೀನ್ ಮೇಲೆ ಮೇಲ್ ಪಟ್ಟಿ ತೋರಿಸುವ ದೊಡ್ಡ ವಿಜೆಟ್ ಇದೆ. ಬೆಳಿಗ್ಗೆ ಚಹಾ ಕುಡಿಯುತ್ತಾ ಅದನ್ನೇ ಓದುತ್ತಾರೆ. ಒಂದು ಶನಿವಾರ ಖರೀದಿದಾರರಿಂದ 60 ಚೀಲ ಬೇಕೆಂದು ಮೇಲ್ ಬಂದಿತ್ತು. ಸೋಮವಾರ ಬೆಳಿಗ್ಗೆ ಅದೇ ಪಾರ್ಟಿ 40 ಸಾಕು ಎಂದು ಬರೆದಿತ್ತು. ವಿಜೆಟ್ ಮೇಲೆ ಶನಿವಾರದ್ದೇ ಕೂತಿತ್ತು, ಲಾರಿಗೆ 60 ಏರಿತು. 20 ಚೀಲ ವಾಪಸ್ ಬಂತು. ಬಾಡಿಗೆ, ಹಮಾಲಿ ಸೇರಿ ಆರೇಳು ಸಾವಿರ ನೀರಿಗೆ. ಅದಕ್ಕೂ ಮೊದಲು ಒಂದು ಅಂಗಡಿಯಲ್ಲಿ ಬ್ಯಾಟರಿ ಬದಲಿಸಿ ಸುಮಾರು 1,800 ಕಿತ್ತಿದ್ದರು, ಇನ್ನೊಂದರಲ್ಲಿ ಫೋನ್ ಪೂರ್ತಿ ರಿಸೆಟ್ ಮಾಡಿದ್ದರು. ಈ ರಿಸೆಟ್ ನೆನಪಿರಲಿ, ಮುಂದೆ ಅದೇ ನನ್ನ ಕಾಲಿಗೆ ತೊಡಕಾಯಿತು.

ನಾನೂ ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕ್ಯಾಶ್ ಅಳಿಸಿದೆ, ಆ್ಯಪ್ ಅಪ್‌ಡೇಟ್ ಮಾಡಿದೆ, ವಿಜೆಟ್ ತೆಗೆದು ಮತ್ತೆ ಹಾಕಿದೆ. ಹಾಕಿದ ಕೂಡಲೇ ತಾಜಾ ಮೇಲ್ ಕಾಣಿಸಿತು. ಗೆದ್ದೆ ಅಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಳೇದೇ. ಹೋಮ್ ಸ್ಕ್ರೀನ್ ನಡೆಸುವ ಲಾಂಚರ್ ಆ್ಯಪ್ ಬದಲಿಸಿ ನೋಡಿದಾಗಲೂ ಇದೇ ಕಥೆ. ವಿಜೆಟ್ ಅನ್ನೋದು ಮೇಲ್ ಆ್ಯಪ್ ಲಾಂಚರ್‌ಗೆ ಕಳಿಸಿಕೊಟ್ಟ ಚಿತ್ರ, ಅಷ್ಟೇ. ಆ್ಯಪ್ ಸತ್ತರೂ ಕೊನೆಯ ಚಿತ್ರ ಗೋಡೆ ಮೇಲಿನ ಹಳೇ ಕ್ಯಾಲೆಂಡರಿನಂತೆ ಅಲ್ಲೇ ಇರುತ್ತದೆ. ಹೊಸದಾಗಿ ಹಾಕಿದಾಗ ಆ್ಯಪ್ ಒಮ್ಮೆ ಎಚ್ಚರವಾಗಿ ಹೊಸ ಚಿತ್ರ ಕೊಡುತ್ತದೆ, ನಾವು ಮೋಸ ಹೋಗುತ್ತೇವೆ.

ಆಮೇಲೆ ನನ್ನ ತಲೆಗೆ ಸ್ಟ್ಯಾಂಡ್‌ಬೈ ಬಕೆಟ್ ಹೊಕ್ಕಿತು. ಆಂಡ್ರಾಯ್ಡ್ 9ರಿಂದ ಕಡಿಮೆ ಬಳಸುವ ಆ್ಯಪನ್ನು, ಹಿನ್ನೆಲೆಯಲ್ಲಿ ಓಡಲು ಕಡಿಮೆ ಅವಕಾಶ ಸಿಗುವ ಕೆಳಗಿನ ಬಕೆಟ್‌ಗೆ ತಳ್ಳುತ್ತಾರಲ್ಲ, ಸಾವಕಾರರು ಆ್ಯಪ್ ತೆರೆಯುವುದೇ ಇಲ್ಲ, ಹಾಗಾಗಿ ಅಲ್ಲೇ ಬಿದ್ದಿರಬೇಕು ಅಂತ ಲೆಕ್ಕ ಹಾಕಿದೆ. ಫೋನಿಗೆ ಕೇಬಲ್ ಹಾಕಿ ಕಂಪ್ಯೂಟರಿನಿಂದ ಕೇಳಿದೆ:

```
adb shell am get-standby-bucket com.google.android.gm
```

ಬಂದ ಉತ್ತರ 10. ಅಂದರೆ ಆ್ಯಕ್ಟಿವ್, ಮೇಲಿನ ದರ್ಜೆ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಹೋಮ್ ಸ್ಕ್ರೀನ್ ಮೇಲೆ ವಿಜೆಟ್ ಇರುವ ಆ್ಯಪನ್ನು ಆಂಡ್ರಾಯ್ಡ್ ಆ್ಯಕ್ಟಿವ್‌ಗಿಂತ ಕೆಳಗೆ ಇಳಿಸುವುದೇ ಇಲ್ಲ. ಅಂದಮೇಲೆ ತಪ್ಪು ಬಕೆಟ್‌ನದಲ್ಲ, ಫೋನ್ ತಯಾರಿಸಿದವರು ಮೇಲಿಂದ ಸೇರಿಸಿದ ಯಾವುದೋ ಪುಣ್ಯಾತ್ಮನದು. ಇದನ್ನು ನನ್ನ ಗೆಳೆಯರಿಗೆ ಹೇಳಿದರೆ ನಕ್ಕರು. "ಸುಮ್ನ ಡಿಸ್‌ಪ್ಲೇ ಹಾಕ್ಕೊಂಡು ರೊಕ್ಕ ಮಾಡ್ಕೊ ಮಾರಾಯಾ" ಅಂದರು.

ದಾರಿ ತೋರಿಸಿದ್ದು ಈ ಸಾಲು:

```
adb shell "dumpsys package com.google.android.gm | grep stopped"
```

ಜಿಮೇಲ್ ಒಮ್ಮೆ ತೆರೆದು ಈ ಕಮಾಂಡ್ ಕೊಟ್ಟೆ. `stopped=false`. ಸರಿ ಇದೆ. ಫೋನ್ ಲಾಕ್ ಮಾಡಿ ಮೇಜಿನ ಮೇಲಿಟ್ಟು ಗಿರಮಿಟ್ ತಿನ್ನಲು ಹೋದೆ. ಕಾಲು ಗಂಟೆ ಬಿಟ್ಟು ಬಂದು ಅದೇ ಕಮಾಂಡ್ ಕೊಟ್ಟರೆ `stopped=true`. ಯಾರೂ ಮುಟ್ಟಿಲ್ಲ. ಸೆಟ್ಟಿಂಗ್ಸ್‌ನಲ್ಲಿ ನಾವೇ `Force stop` ಒತ್ತಿದರೆ ಬರುವ ಸ್ಥಿತಿ ಇದು. ಇದರಲ್ಲಿ ಸಿಂಕ್ ಓಡುವುದಿಲ್ಲ, ಹೊಸ ಮೇಲ್ ಬಂದ ಸುದ್ದಿ ಮುಟ್ಟುವುದಿಲ್ಲ, ವಿಜೆಟ್ ಬದಲಾಗುವುದಿಲ್ಲ. ಯಾರಾದರೂ ಆ್ಯಪ್ ತೆರೆಯುವ ತನಕ ಹೀಗೇ. ಆಂಡ್ರಾಯ್ಡ್ 15ರಲ್ಲಾದರೆ ಇಂಥ ವಿಜೆಟ್ ಬೂದಿ ಬಣ್ಣಕ್ಕೆ ತಿರುಗುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತೆ. ಈ ಫೋನ್ 13. ಹಳೇ ಮೇಲ್ ಹೊಳೆಯುತ್ತಾ ಕೂತಿತ್ತು.

ಕಳ್ಳ ಯಾರು? ಕಂಪನಿಯ ಫೋನ್ ಮ್ಯಾನೇಜರ್ ಆ್ಯಪ್ ಒಳಗೆ, ನಾಲ್ಕು ಮೆನು ಕೆಳಗೆ, ಲಾಕ್ ಆದ 10 ನಿಮಿಷಕ್ಕೆ ಮೆಮೊರಿ ಖಾಲಿ ಮಾಡುವ ಸ್ವಿಚ್ ಆನ್ ಇತ್ತು. ಅದನ್ನು ಆಫ್ ಮಾಡಿದೆ. ಜಿಮೇಲ್‌ಗೆ ಆಟೋಸ್ಟಾರ್ಟ್ ಕೊಟ್ಟೆ, ಬ್ಯಾಟರಿಯಲ್ಲಿ `Unrestricted` ಮಾಡಿದೆ, ರೀಸೆಂಟ್ಸ್‌ನಲ್ಲಿ ಬೀಗ ಹಾಕಿದೆ. ಕೊನೆಗೆ ಆ್ಯಪನ್ನು ಒಮ್ಮೆ ಕೈಯಾರೆ ತೆರೆದೆ. ಅದನ್ನು ಮರೆತರೆ ಮಾಡಿದ್ದೆಲ್ಲ ದಂಡ, ಯಾಕಂದರೆ `stopped` ತಾನಾಗಿ ಹೋಗುವುದಿಲ್ಲ. ಇಂಥ ಸ್ವಿಚ್ ಯಾವುದೆಂದು ಐದು ನಿಮಿಷದಲ್ಲಿ ಹಿಡಿಯುವ ಒಂದು ಉಪಾಯ ಈಗ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯಲ್ಲ, ಅಂಗಡಿ ಬಾಡಿಗೆ ಕಟ್ಟಬೇಕಲ್ವಾ!

ಬ್ಯಾಟರಿ ಜಾಸ್ತಿ ತಿನ್ನುತ್ತೆ ಅಂತ ಹೆದರಿಸುವವರು ಇದ್ದಾರೆ. ಅದಕ್ಕೇ ಒಂದೇ ಮಾಡೆಲ್‌ನ ಎರಡು ಸೆಕೆಂಡ್ ಹ್ಯಾಂಡ್ ಫೋನ್ ಇಟ್ಟುಕೊಂಡು ನೋಡಿದೆ. ಒಂದಕ್ಕೆ ಇದೇ ಬದಲಾವಣೆಗಳನ್ನು ಮಾಡಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅರ್ಧ ಗಂಟೆಗೊಂದು ಮೇಲ್ ಹೋಗುವಂತೆ ಮಾಡಿ ಮಲಗಿದೆ. ಎರಡು ಪರ್ಸೆಂಟ್ ಫರಕು ಬಂದಿರಬಹುದು. ಈ ಹುಚ್ಚಾಟಕ್ಕೆ ಫೋನಿಗೆ ಕೊಟ್ಟದ್ದು ಏಳು ಸಾವಿರದ ಮೇಲೆ. ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ಮೂರನೇ ದಿನ ಸಾವಕಾರರ ಫೋನ್. "ಮತ್ತ ಅದ ಹಾಡು ನೋಡ್ರಿ." ನನಗೆ ನಾಚಿಕೆಯಾಯಿತು. ಅವರು ರೈಲು ಹತ್ತಿ ಬಂದರು. ಕಮಾಂಡ್ ಕೊಟ್ಟರೆ `stopped=false`, ಆ್ಯಪ್ ಬದುಕಿದೆ. ನಾನು ಕಳಿಸಿದ ಮೇಲ್‌ಗೆ ಗಂಟೆಯೂ ಬಾರಿಸಿತು. ಆಮೇಲೆ ಹೊಳೆಯಿತು, ಅಂಗಡಿಯಲ್ಲಿ ನಾನು ಹಾಕಿದ್ದು ಇನ್‌ಬಾಕ್ಸ್‌ನ ವಿಜೆಟ್. ಮನೆಗೆ ಹೋದ ಮೇಲೆ ಮಗ ಅದನ್ನು ತೆಗೆದು ತಮ್ಮ ಹಳೇ ರೂಢಿಯಂತೆ `Order` ಲೇಬಲ್‌ನ ವಿಜೆಟ್ ಹಾಕಿದ್ದ. ಖರೀದಿದಾರರ ಮೇಲ್ ಫಿಲ್ಟರ್ ಆಗಿ ಇನ್‌ಬಾಕ್ಸ್ ಬಿಟ್ಟು ನೇರ ಆ ಲೇಬಲ್‌ಗೆ ಹೋಗುತ್ತಿತ್ತು. ಫೋನಿನಲ್ಲಿ ಆ ಲೇಬಲ್‌ನ ಸಿಂಕ್ ಮಾತ್ರ ಇರಲಿಲ್ಲ. ಮೊದಲು ಇತ್ತು. ಫಿಲ್ಟರ್, ಲೇಬಲ್ ಸರ್ವರ್ ಮೇಲಿರುತ್ತವೆ, ಆದರೆ ಯಾವ ಲೇಬಲನ್ನು ಸಿಂಕ್ ಮಾಡಬೇಕು ಅನ್ನೋದು ಆಯಾ ಫೋನಿನದ್ದು. ರಿಸೆಟ್ ಹೊಡೆದವರು ಅದನ್ನೂ ಅಳಿಸಿದ್ದರು.

ಎರಡೂ ವಿಜೆಟ್ ಪಕ್ಕಪಕ್ಕ ಇಟ್ಟು ತೋರಿಸಿದೆ. ಇನ್‌ಬಾಕ್ಸ್‌ನದ್ದು ತಾಜಾ, `Order` ಹಳೇದು. ಎರಡೂ ಹಳೇದಾಗಿದ್ದರೆ ಆ್ಯಪ್ ಸತ್ತಿದೆ ಅಥವಾ ಖಾತೆಯ ಸಿಂಕೇ ಆಫ್ ಆಗಿದೆ, ಒಂದೇ ಹಳೇದಾದರೆ ಲೇಬಲ್ ನೋಡಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಖಾತೆ ಒತ್ತಿ, `Manage labels` ಒಳಗೆ `Order`, ಅದರಲ್ಲಿ `Sync messages` ಅನ್ನು `Last 30 days` ಮಾಡಿದೆ. ಒಂದು ನಿಮಿಷದೊಳಗೆ ವಿಜೆಟ್ ಮೇಲೆ ಒಂಬತ್ತೋ ಹತ್ತೋ ಮೇಲ್ ಸರಸರ ಇಳಿದವು. ಸಾವಕಾರರು ಕನ್ನಡಕ ಏರಿಸಿ ಓದಿ, "ಇವೆಲ್ಲಾ ಎಲ್ಲಿ ಕುಂತಿದ್ವು?" ಅಂದರು.

ನಾನು ತಗೊಂಡದ್ದು 300. ಅವರು ಆಮೇಲೆ ಎರಡು ಕಿಲೋ ಕಡ್ಡಿ ಮೆಣಸಿನಕಾಯಿ ಕಳಿಸಿದರು, ಅದರ ರೇಟು ನೋಡಿದರೆ ಲಾಭ ನನಗೇ. ಕಳೆದ ತಿಂಗಳು ಸಿಸ್ಟಂ ಅಪ್‌ಡೇಟ್ ಬಂದು ಆ 10 ನಿಮಿಷದ ಸ್ವಿಚ್ ಮತ್ತೆ ಆನ್ ಆಗಿತ್ತಂತೆ. ಈ ಸಲ ಮಗನೇ ಹುಡುಕಿ ಆಫ್ ಮಾಡಿದ. ನನಗೆ 300 ಹೋಯಿತು.