ಬಾದಾಮಿ ಸಿಪ್ಪೆ: ಬಿಸಿನೀರಲ್ಲಿ ಒಂದೇ ನಿಮಿಷ

ಮನೆಯಲ್ಲೇ ಬಾದಾಮಿ ಹಲ್ವಾ ಮಾಡಿ ಆರ್ಡರ್ ಮೇಲೆ ಕೊಡುತ್ತೇನೆ. ರಾತ್ರಿಯಿಡೀ ನೆನೆಸದೆ ಸಿಪ್ಪೆ ತೆಗೆಯುತ್ತೇನೆ ಅಂದಾಗ ಅತ್ತೆಯವರೂ ಒಪ್ಪಲಿಲ್ಲ, ಸಿಹಿತಿಂಡಿ ಮಾಡುವ ಗೆಳತಿಯರೂ ಒಪ್ಪಲಿಲ್ಲ. "ಬಿಸಿನೀರಿಗೆ ಹಾಕಿದ್ರೆ ಎಣ್ಣೆಯೆಲ್ಲ ಹೋಗತ್ತೆ, ಹಲ್ವಾ ಸಪ್ಪೆ ಆಗತ್ತೆ" ಅಂದರು. ಈಗ ಅವರೂ ಹೀಗೇ ಮಾಡುತ್ತಿದ್ದಾರೆ.

ರಾತ್ರಿ ನೆನೆಸುವುದರಲ್ಲಿ ನನಗೆ ದುಡ್ಡು ಹೋಗಿದ್ದು ಬೇಸಿಗೆಯಲ್ಲಿ. ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ನೊರೆ, ಹುಳಿ ವಾಸನೆ. ಸುಮಾರು ಒಂದೂವರೆ ಕೆಜಿ ಬಾದಾಮಿ ಚೆಲ್ಲಿದೆ. ಆಗಿನ ರೇಟಿನಲ್ಲಿ ಸಾವಿರದ ಮೇಲೆಯೇ ಹೋಯಿತು. ಫ್ರಿಜ್‌ನಲ್ಲಿಟ್ಟರೆ ಕೆಡುವುದಿಲ್ಲ, ಆದರೆ ದೊಡ್ಡ ಆರ್ಡರಿಗೆ ಜಾಗ ಎಲ್ಲಿದೆ?

ಅರ್ಧ ಕೆಜಿ ಬಾದಾಮಿ ಮುಳುಗಿ ಇನ್ನೂ ಮೇಲೆ ನಿಲ್ಲುವಷ್ಟು ನೀರು ಚೆನ್ನಾಗಿ ಕುದಿಸುತ್ತೇನೆ. ಬಾದಾಮಿ ಹಾಕಿ ಒಲೆ ಆರಿಸುತ್ತೇನೆ. ಒಂದು ನಿಮಿಷಕ್ಕೆ ಸಿಪ್ಪೆ ಸುಕ್ಕಾಗುತ್ತದೆ. ಒಂದನ್ನು ತೆಗೆದು ಎರಡು ಬೆರಳಲ್ಲಿ ಒತ್ತಬೇಕು. ತಿರುಳು ಪುಳಕ್ಕನೆ ಹೊರಗೆ ಜಾರಿದರೆ ತಕ್ಷಣ ಬಸಿದು ತಣ್ಣೀರಿಗೆ ಹಾಕಬೇಕು. ಆಮೇಲೆ ದಪ್ಪ ಟವೆಲ್ಲಿನಲ್ಲಿ ಸುತ್ತಿ ಉಜ್ಜಿದರೆ ಮುಕ್ಕಾಲು ಪಾಲು ಬಿಡುತ್ತದೆ, ಉಳಿದದ್ದಕ್ಕೆ ಬೆರಳೇ ಬೇಕು. ಹಳೇ ಬಾದಾಮಿಯ ಸಿಪ್ಪೆ ಒಂದೇ ಸಲಕ್ಕೆ ಬಿಡುವುದಿಲ್ಲ. ಅದಕ್ಕೆ ಇನ್ನೊಂದು ಅರ್ಧ ನಿಮಿಷ ಬೇಕು.

ಐದು ನಿಮಿಷ ಬಿಟ್ಟೂ ನೋಡಿದೆ. ಸಿಪ್ಪೆ ಸುಲಭವಾಗಿ ಬಂತು, ಆದರೆ ಕಂದು ಬಣ್ಣ ತಿರುಳಿಗಿಳಿದು ಬಿಳಿ ಮಾಸಿತು. ಬೇಳೆಗಳೂ ಮೆತ್ತಗಾಗಿ ಒಡೆದವು. ರುಬ್ಬಿದಾಗ ಹಿಟ್ಟು ನೀರಾಗಿ, ಹಲ್ವಾ ತಳ ಬಿಡಲು ಜಾಸ್ತಿ ಹೊತ್ತು ಹಿಡಿಯಿತು. ತುಪ್ಪವೂ ಹೆಚ್ಚು ಕುಡಿಯಿತು.

ಸಿಪ್ಪೆ ಸಮೇತ ರುಬ್ಬಿದ ಹಲ್ವಾ? ಅದನ್ನೂ ಮಾಡಿದ್ದೇನೆ. ಬರೀ ಸಿಪ್ಪೆಯನ್ನೇ ಅಗಿದು ನೋಡಿ, ಒಗರು ನಾಲಿಗೆಗೆ ಅಂಟುತ್ತದೆ. ಸಕ್ಕರೆ, ತುಪ್ಪ ಅದನ್ನು ಸ್ವಲ್ಪ ಮುಚ್ಚುತ್ತವೆ, ಆದರೆ ಚುಕ್ಕೆ ಚುಕ್ಕೆ ನಾಲಿಗೆಗೆ ಸಿಗುತ್ತದೆ, ಕೇಸರಿ ಬಣ್ಣವೂ ಕಾಣುವುದಿಲ್ಲ. ಹಲ್ವಾಕ್ಕೆ, ಬಾದಾಮಿ ಹಾಲಿಗೆ ಸಿಪ್ಪೆ ತೆಗೆಯಲೇಬೇಕು.

ಆದರೆ ಸುಮ್ನೆ ತಿನ್ನುವ ಬಾದಾಮಿಗೆ ನಾನು ಸಿಪ್ಪೆ ತೆಗೆಯುವುದಿಲ್ಲ. ತೂಕದಲ್ಲಿ ಸಿಪ್ಪೆ ನೂರಕ್ಕೆ ನಾಲ್ಕೈದು ಪಾಲು ಇರಬಹುದು. ಪ್ರೋಟೀನ್, ಕೊಬ್ಬು, ವಿಟಮಿನ್ ಇ ಬಹುಪಾಲು ತಿರುಳಿನಲ್ಲೇ ಇವೆ, ಹಾಗಾಗಿ ಸುಲಿದರೆ ದೊಡ್ಡ ನಷ್ಟವಿಲ್ಲ. ಹೋಗುವುದು ಒಂದಿಷ್ಟು ನಾರು, ಜೊತೆಗೆ ಆ ಒಗರು ಕೊಡುವ ಪಾಲಿಫಿನಾಲ್‌ಗಳು. ಅವು ದೇಹಕ್ಕೆ ಒಳ್ಳೆಯವೇ. ಕಬ್ಬಿಣದಂಥ ಖನಿಜಗಳು ಮೈಗೆ ಹತ್ತದಂತೆ ತಡೆಯುವ ಫೈಟಿಕ್ ಆಮ್ಲ ಹೋಗಲಿ ಅಂತ ನೆನೆಸುವವರೂ ಇದ್ದಾರೆ, ಆದರೆ ಇಡೀ ಬಾದಾಮಿ ನೆನೆಸಿದ ಮಾತ್ರಕ್ಕೆ ಅದು ಅಷ್ಟೇನೂ ಇಳಿಯುವುದಿಲ್ಲ. ನೆನೆಸಿದರೆ ಅಗಿಯಲು ಸುಲಭ, ಅಷ್ಟಂತೂ ನಿಜ.

ಉಳಿದ ಸಿಪ್ಪೆ ಒಣಗಿಸಿ ಹುರಿದು, ಕರಿಬೇವಿನ ಚಟ್ನಿಪುಡಿಗೆ ಹಾಕಿ ನೋಡಿದೆ. ಒಂದು ಬಟ್ಟಲು ಪುಡಿಗೆ ಒಂದು ಚಮಚ ಸರಿ, ಮೀರಿದರೆ ಒಗರು. ಇನ್ನು ಸುಲಿದ ಬಾದಾಮಿ ಬೆಳ್ಳಗೆ ಹೊಳೆಯಲು ಕೊನೆಯ ತಣ್ಣೀರಿಗೆ ಒಂದು ಸಾಮಾನು ಹಾಕುತ್ತೇನೆ. ಅದು ನನ್ನ ಆರ್ಡರಿನ ಗುಟ್ಟು, ಹೇಳಲ್ಲ. ಸುಲಿದದ್ದನ್ನು ಬಟ್ಟೆಯಲ್ಲಿ ಒರೆಸಿ ಅದೇ ದಿನ ರುಬ್ಬಿ. ತೇವ ಇದ್ದರೆ ಫ್ರಿಜ್‌ನಲ್ಲೂ ಎರಡು ದಿನದ ಮೇಲೆ ಜಿಗುಟಾಗುತ್ತದೆ.